ಕೆಲಸ ಹೋಗಿದ್ದರಿಂದ ಹೋಮ್ ಲೋನ್ ಕಂತು ರೀಸ್ಟ್ರಕ್ಚರ್ ಮಾಡಿಕೊಡಿ ಅಂತ ಕೋರಿ ಪತ್ರ

ದಿನಾಂಕ: 8 ಸೆಪ್ಟೆಂಬರ್ 2025
ತುಮಕೂರು

ಗೆ,
ಬ್ರಾಂಚ್ ಮ್ಯಾನೇಜರ್ ಮೇಡಂ ಅವರಿಗೆ,
ಹೋಮ್ ಲೋನ್ ವಿಭಾಗ, ಸಿರಾ ಗೇಟ್ ಶಾಖೆ, ತುಮಕೂರು

ವಿಷಯ: ಕೊನೆಗೆ 4471 ಬರೋ ನನ್ನ ಹೋಮ್ ಲೋನ್ ಖಾತೆಗೆ 9 ತಿಂಗಳು ಬಡ್ಡಿ ಮಾತ್ರ ಕಟ್ಟೋ ಅವಕಾಶ, ಆಮೇಲೆ ಕಂತು ಕಡಿಮೆ ಮಾಡಿ ಅವಧಿ ವಿಸ್ತರಿಸೋ ಬಗ್ಗೆ

ಮೇಡಂ,

ನಮಸ್ಕಾರ. ಶನಿವಾರ ಕೌಂಟರಿಗೆ ಬಂದು ಈ ತಿಂಗಳ ಇಎಂಐ ಕಟ್ಟಿ ನಿಮ್ಮನ್ನ ಐದು ನಿಮಿಷ ಭೇಟಿ ಮಾಡಿದ್ದೆ, ನೆನಪಿರಬಹುದು. ಬಾಯಲ್ಲಿ ಹೇಳಿದ್ರೆ ಆಗಲ್ಲ, ಎಲ್ಲಾ ಬರೆದು ದಾಖಲೆ ಜೊತೆ ಕೊಡಿ ಅಂದ್ರಿ, ಅದಕ್ಕೆ ಈ ಪತ್ರ. ಅರ್ಜಿ ಭಾಷೆ ನಂಗೆ ಅಷ್ಟು ಬರಲ್ಲ, ಇದ್ದಿದ್ದನ್ನ ಇದ್ದಂಗೆ ಬರೆದಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾನು 9 ವರ್ಷದಿಂದ ಪೀಣ್ಯದ ಒಂದು ಕಾಂಪೊನೆಂಟ್ ಫ್ಯಾಕ್ಟರಿಲಿ ಕ್ವಾಲಿಟಿ ಇನ್‌ಸ್ಪೆಕ್ಷನ್‌ನಲ್ಲಿದ್ದೆ. ಕೈಗೆ ತಿಂಗಳಿಗೆ 58,400 ಬರ್ತಿತ್ತು, ದಿನಾ ಬೆಳಗ್ಗೆ ಇಲ್ಲಿಂದ ಟ್ರೈನಲ್ಲಿ ಯಶವಂತಪುರಕ್ಕೆ ಹೋಗಿ ಬರ್ತಿದ್ದೆ. ನಮ್ಮ ಲೈನಿಗೆ ಇದ್ದ ದೊಡ್ಡ ಆರ್ಡರ್ ಕೈತಪ್ಪಿ ಹೋಯ್ತು, ಜೂನ್ 13 ಶುಕ್ರವಾರ ಮಧ್ಯಾಹ್ನ ಎಚ್‌ಆರ್‌ನವರು 38 ಜನರನ್ನ ಕ್ಯಾಂಟೀನಿಗೆ ಕರೆದು ಒಬ್ಬೊಬ್ಬರ ಕೈಗೆ ಒಂದೊಂದು ಕವರ್ ಕೊಟ್ರು. ನನ್ನ ವರ್ನಿಯರ್ ಕ್ಯಾಲಿಪರ್ ಸ್ಟೋರಿಗೆ ವಾಪಸ್ ಕೊಟ್ಟು ನೋ ಡ್ಯೂಸ್ ಮೇಲೆ ಸಹಿ ಹಾಕಿಸ್ಕೊಂಡು ಬಂದಿದ್ದೇ ಅಲ್ಲಿನ ಕೊನೇ ಕೆಲಸ. ಕೆಲಸ ಸರಿ ಮಾಡಿಲ್ಲ ಅಂತ ತೆಗೆದಿದ್ದಲ್ಲ, ರಿಲೀವಿಂಗ್ ಲೆಟರ್‌ನಲ್ಲೇ ಕಾರಣ ಬರೆದಿದ್ದಾರೆ, ಅದರ ಜೆರಾಕ್ಸ್ ಇಟ್ಟಿದೀನಿ.

ನೋಟಿಸ್ ಪೇ ಮತ್ತೆ ಸರ್ವಿಸ್ ಲೆಕ್ಕದ ಪರಿಹಾರ ಸೇರಿ 3,21,200 ಬಂತು. ಇಷ್ಟು ದುಡ್ಡು ಬಂದ್ಮೇಲೆ ಮೂರೇ ತಿಂಗಳಿಗೆ ಬ್ಯಾಂಕ್ ಬಾಗಿಲಿಗೆ ಬಂದಿದಾನಲ್ಲ ಅಂತ ನಿಮಗೆ ಅನ್ನಿಸೋದು ಸಹಜ, ನಾನು ನಿಮ್ಮ ಜಾಗದಲ್ಲಿದ್ರೂ ಹಂಗೇ ಅನ್ಕೋತಿದ್ದೆ, ಅದಕ್ಕೆ ಎಲ್ಲಿ ಹೋಯ್ತು ಅಂತ ಹೇಳಿಬಿಡ್ತೀನಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ಇಎಂಐ 78,105. ಮಗಳ ಸ್ಕೂಲ್ ಫೀಸು 42,000. ಅಮ್ಮನ ಕಣ್ಣಿನ ಪೊರೆ ಆಪರೇಷನ್ 36,000. ಸೊಸೈಟಿಲಿ ಒಡವೆ ಇಟ್ಟು ತೆಗೆದಿದ್ದ ಸಾಲ 82,000 ತೀರಿಸಿ ಒಡವೆ ಬಿಡಿಸ್ಕೊಂಡೆ, ಅದಕ್ಕೆ ಪ್ರತಿ ತಿಂಗಳು ಬಡ್ಡಿ ಕಟ್ಟೋ ಬದಲು ಒಂದು ಸಾಲನಾದ್ರೂ ತಲೆ ಮೇಲಿಂದ ಇಳೀಲಿ ಅಂತ. ಮೂರು ತಿಂಗಳು ಮನೆ ಖರ್ಚಿಗೆ ಸಾಲದೆ ಇದ್ದಿದ್ದಕ್ಕೆ 29,000 ಚಿಲ್ಲರೆ ಹೋಯ್ತು. ಉಳಿದ 54,000 ನನ್ನ ಹೆಂಡತಿ ಸವಿತಾ ಹೆಸರಲ್ಲಿ ಎಫ್‌ಡಿ ಇದೆ. ಇನ್ನು ನಿಮ್ಮ ಹೋಮ್ ಲೋನ್, ಬಾಮೈದನ ಹತ್ರ ತಗೊಂಡ 5,000 ಕೈಗಡ ಬಿಟ್ರೆ ಬೇರೆ ಯಾವ ಸಾಲನೂ ಇಲ್ಲ, ಕ್ರೆಡಿಟ್ ಕಾರ್ಡೂ ಇಲ್ಲ, ಆ್ಯಪ್ ಲೋನಂತೂ ಮುಟ್ಟಿಲ್ಲ.

ಗ್ರ್ಯಾಚುಟಿ ಇನ್ನೂ ಬಂದಿಲ್ಲ. ಬೇಸಿಕ್ ಮತ್ತೆ ಡಿಎ ಸೇರಿ 31,200, ಅದನ್ನ 26ರಿಂದ ಭಾಗಿಸಿ 15 ದಿನಕ್ಕೆ, 9 ವರ್ಷಕ್ಕೆ ಹಾಕಿದ್ರೆ 1,62,000 ಆಗುತ್ತೆ. ಮೂವತ್ತು ದಿನದಲ್ಲಿ ಕೊಡಬೇಕು ಅಂತ ಕಾನೂನಿದೆ, ಆದ್ರೆ ಕೇಳಿದಾಗೆಲ್ಲ ಮುಂದಿನ ವಾರ ಅಂತಾರೆ, ಹಂಗಾಗಿ ಕಾರ್ಮಿಕ ಇಲಾಖೆಗೂ ಅರ್ಜಿ ಹಾಕಿದೀನಿ, ಸ್ವೀಕೃತಿ ಪ್ರತಿ ಇದರ ಜೊತೆ ಇದೆ. ಆ ದುಡ್ಡು ಬಂದ ವಾರದಲ್ಲೇ ಅದರಲ್ಲಿ 1,00,000 ನೇರವಾಗಿ ಅಸಲಿಗೆ ಕಟ್ತೀನಿ, ಇದನ್ನ ನೀವು ಷರತ್ತಾಗೇ ಹಾಕಿ, ನಂದೇನೂ ತಕರಾರಿಲ್ಲ.

ಈಗ ಲೋನ್ ವಿಷಯಕ್ಕೆ ಬರ್ತೀನಿ. 30 ಲಕ್ಷ, 20 ವರ್ಷಕ್ಕೆ, ಮೊದಲ ಕಂತು ಜನವರಿ 2020. ಅಲ್ಲಿಂದ ಇಲ್ಲಿವರೆಗೆ 69 ಕಂತು ಕಟ್ಟಿದೀನಿ, ಒಂದೂ ಬಾಕಿ ಇಲ್ಲ. ಕೋವಿಡ್ ಟೈಮಲ್ಲಿ, 2020ರ ಮಾರ್ಚಿಂದ ಆಗಸ್ಟ್‌ವರೆಗೆ ಆರ್‌ಬಿಐ ಮೊರಟೋರಿಯಂ ಕೊಟ್ಟಿತ್ತಲ್ಲ, ಸಂಬಳ ಅರ್ಧ ಬಂದ ತಿಂಗಳಲ್ಲೂ ನಾನು ಅದನ್ನ ತಗೊಂಡಿಲ್ಲ, ನಿಮ್ಮ ಸಿಸ್ಟಮಲ್ಲೇ ನೋಡಬಹುದು. 2022 ಮೇ ಇಂದ 2023 ಫೆಬ್ರವರಿಗೆ ರೆಪೋ 4 ಇಂದ 6.50 ಆದಾಗ ಇಎಂಐ 26,035 ಹಂಗೇ ಬಿಟ್ಟು ತಿಂಗಳು ಎಳೆದ್ರಿ, ನನ್ನ ರೇಟು 9.85ಕ್ಕೆ ಹೋಯ್ತು, ಆಗ ಕಟ್ಟಿದ ಕಂತಲ್ಲಿ ಅಸಲಿಗೆ ಹೋಗಿದ್ದು ತಿಂಗಳಿಗೆ ನಾಲ್ಕು ಸಾವಿರ ಅಷ್ಟೇ. ಈ ವರ್ಷ ರೆಪೋ 5.50ಕ್ಕೆ ಇಳಿದ್ಮೇಲೆ ನಂದು 8.85 ಆಗಿದೆ ಅಂತ ಸ್ಟೇಟ್‌ಮೆಂಟಲ್ಲಿ ಇದೆ, ಆದ್ರೆ ಕಂತು ಅಷ್ಟೇ ಇದೆ. ಬಾಕಿ ಅಸಲು ಈಗ 25.74 ಲಕ್ಷ, ಇದೇ ಕಂತಲ್ಲಿ ಹೋದ್ರೆ ಇನ್ನೂ 178 ತಿಂಗಳು.

ಸದ್ಯದ ಆದಾಯ ಹೀಗಿದೆ. ವಸಂತನರಸಾಪುರದ ಒಂದು ಸಣ್ಣ ವರ್ಕ್‌ಶಾಪಲ್ಲಿ ದಿನಗೂಲಿ ಲೆಕ್ಕದಲ್ಲಿ ಇನ್‌ಸ್ಪೆಕ್ಷನ್ ಮಾಡ್ತಿದೀನಿ, ಕೆಲಸ ಇದ್ದ ದಿನ ಕರೀತಾರೆ, ತಿಂಗಳಿಗೆ ಸರಾಸರಿ 16,000. ಸವಿತಾ ಬ್ಲೌಸು, ಫಾಲ್ಸು, ಯೂನಿಫಾರ್ಮ್ ಹೊಲೀತಾಳೆ, ಹಬ್ಬದ ತಿಂಗಳು ಜಾಸ್ತಿ, ಆಷಾಢದಲ್ಲಿ ಏನೂ ಇರಲ್ಲ, ಸರಾಸರಿ 11,000. ಮೇಲಿನ ರೂಮಿನ ಬಾಡಿಗೆ 6,500. ಒಟ್ಟು 33,500. ಖರ್ಚು ಅಂದ್ರೆ ರೇಷನ್ನು ಹಾಲು ತರಕಾರಿ ಗ್ಯಾಸು 9,000, ಅಮ್ಮನ ಶುಗರ್ ಬಿಪಿ ಮಾತ್ರೆ 2,300, ಸ್ಕೂಲ್ ವ್ಯಾನು ಪುಸ್ತಕ 3,800, ಕರೆಂಟು ನೀರು ಮೊಬೈಲು 2,100, ಪೆಟ್ರೋಲು 1,500, ಎಲ್‌ಐಸಿ 1,450, ಎಲ್ಲಾ ಸೇರಿ 20,150. ಇದರಲ್ಲಿ ಬಟ್ಟೆ, ಹಬ್ಬ, ನೆಂಟರು ಯಾವುದೂ ಸೇರಿಲ್ಲ ಮೇಡಂ, ಕೇಬಲ್ ಕೂಡ ತೆಗೆಸಿಬಿಟ್ಟಿದೀವಿ. ಕೊನೆಗೆ ಕೈಯಲ್ಲಿ ಉಳಿಯೋದು 13,350.

26,035 ಕಟ್ಟಬೇಕು ಅಂದ್ರೆ ತಿಂಗಳಿಗೆ 12,685 ಕಮ್ಮಿ ಬೀಳುತ್ತೆ. ಎಫ್‌ಡಿ ಒಡೆದು ತುಂಬಿದ್ರೆ ಅಕ್ಟೋಬರಿಂದ ಜನವರಿವರೆಗೆ ನಾಲ್ಕು ಕಂತು ಆಗುತ್ತೆ, ಫೆಬ್ರವರಿಯಿಂದ ಬೌನ್ಸ್ ಶುರು, 90 ದಿನ ದಾಟಿದ್ರೆ ಮೇನಲ್ಲಿ ಎನ್‌ಪಿಎ. ಅಷ್ಟೊತ್ತಿಗೆ ಬಂದು ಕೇಳಿದ್ರೆ ನಿಮಗೂ ಕೈ ಕಟ್ಟಿದಂಗಾಗುತ್ತೆ, ಅದಕ್ಕೆ ಖಾತೆ ಕ್ಲೀನಾಗಿರುವಾಗಲೇ ಬಂದಿದೀನಿ.

ನಾನು ಕೇಳ್ತಿರೋದು ಇಷ್ಟು: ಅಕ್ಟೋಬರ್ 2025ರಿಂದ ಜೂನ್ 2026ರವರೆಗೆ 9 ತಿಂಗಳು ಬಡ್ಡಿ ಮಾತ್ರ, ಅಂದ್ರೆ ಸುಮಾರು 19,000 ಕಟ್ಟೋಕೆ ಬಿಡಿ. ನನಗೆ ಕಮ್ಮಿ ಬೀಳೋದು ಆಗ ತಿಂಗಳಿಗೆ 5,650 ಮಾತ್ರ, 9 ತಿಂಗಳಿಗೆ 50,850, ಅದು ಆ 54,000 ಎಫ್‌ಡಿಲಿ ಸರಿಯಾಗಿ ಕೂರುತ್ತೆ. ಜುಲೈ 2026ರಿಂದ ಬಾಕಿ ಅಸಲನ್ನ 216 ತಿಂಗಳಿಗೆ ಹಂಚಿದ್ರೆ ಇದೇ ರೇಟಲ್ಲಿ ಕಂತು 23,900 ಹತ್ತಿರ ಬರುತ್ತೆ. ಕೊನೇ ಕಂತು ಜೂನ್ 2044ಕ್ಕೆ. ನಂಗೆ ಈ ಜುಲೈಲಿ 41 ತುಂಬಿತು, ಅಂದ್ರೆ 60 ತುಂಬೋಕೆ ಒಂದು ತಿಂಗಳು ಮುಂಚೆ ಮುಗಿಯುತ್ತೆ, ವಯಸ್ಸಿನ ಮಿತಿ ಅಡ್ಡ ಬರಲ್ಲ ಅನ್ಕೋತೀನಿ. ಬಡ್ಡಿನೂ ಕಟ್ಟಲ್ಲ, ಪೂರ್ತಿ ರಜೆ ಕೊಡಿ ಅಂತ ಕೇಳ್ತಿಲ್ಲ, ಹಂಗೆ ಮಾಡಿದ್ರೆ ಬಡ್ಡಿ ಹೋಗಿ ಅಸಲಿಗೆ ಸೇರುತ್ತೆ, ಕೋವಿಡ್‌ನಲ್ಲಿ ಮೊರಟೋರಿಯಂ ತಗೊಂಡ ಸ್ನೇಹಿತರ ಸ್ಟೇಟ್‌ಮೆಂಟ್ ನೋಡಿ ನಂಗೆ ಅದು ಗೊತ್ತು.

ಹಿಂಗೆ ಎಳೆದ್ರೆ ಕೊನೆವರೆಗೆ ಹತ್ತಿರ 7 ಲಕ್ಷ ಜಾಸ್ತಿ ಹೋಗುತ್ತೆ ಅಂತ ಲೆಕ್ಕ ಹಾಕಿ ನೋಡಿದೀನಿ, ಆ ರಾತ್ರಿ ನಿದ್ದೆ ಬರಲಿಲ್ಲ ಅದು ಬೇರೆ ವಿಷಯ. ಅದಕ್ಕೇ ಒಂದು ಮಾತು ಆದೇಶದಲ್ಲೇ ಬರೀರಿ: ನಂಗೆ 40,000 ಮೇಲೆ ಸಂಬಳದ ಕೆಲಸ ಸಿಕ್ಕಿದ 15 ದಿನದೊಳಗೆ ನಾನೇ ಬಂದು ಆಫರ್ ಲೆಟರ್ ಕೊಡ್ತೀನಿ, ಆವಾಗ ಹಳೇ 26,035ಕ್ಕೆ ವಾಪಸ್ ಹೋಗೋಕೆ ಅವಕಾಶ ಇರಬೇಕು. ಫ್ಲೋಟಿಂಗ್ ರೇಟ್ ಹೋಮ್ ಲೋನಿಗೆ ಮುಂಚೆ ಕಟ್ಟಿದ್ರೆ ದಂಡ ಇಲ್ಲ, ಸೋ ಅದರಲ್ಲಿ ತೊಂದರೆ ಬರಲ್ಲ. ಎರಡು ಕಡೆ ಇಂಟರ್ವ್ಯೂ ಆಗಿದೆ, ಒಂದು ಕಡೆ ಎರಡನೇ ರೌಂಡಿಗೆ ಕರೆದಿದ್ದಾರೆ, ಮೇಲ್ ಪ್ರಿಂಟ್ ಹಾಕಿಸಿ ಇಟ್ಟಿದೀನಿ. ಆದ್ರೂ ಸಿಕ್ಕೇ ಸಿಗುತ್ತೆ ಅಂತ ನಾನು ಬರ್ಕೊಡಲ್ಲ, ಅದು ನನ್ನ ಕೈಲಿಲ್ಲ.

ರೀಸ್ಟ್ರಕ್ಚರ್ ಅಂತ ಸಿಬಿಲಲ್ಲಿ ಬಂದ್ರೆ ಮುಂದೆ ಸಾಲ ಸಿಗೋದು ಕಷ್ಟ ಅಂತ ನಿಮ್ಮ ಆಫೀಸರ್ ಹೇಳಿದ್ರು. ಮೊದಲು ಒಂದು ವಿಷಯ ನೋಡಿ. ರೇಟು ಬದಲಾದಾಗ ಕಂತು ಬದಲಿಸೋದಾ ಅವಧಿ ಬದಲಿಸೋದಾ ಅಂತ ಗ್ರಾಹಕನಿಗೆ ಆಯ್ಕೆ ಕೊಡಬೇಕು ಅಂತ 2023 ಆಗಸ್ಟಲ್ಲಿ ಆರ್‌ಬಿಐ ಸುತ್ತೋಲೆ ಬಂದಿದೆ, ಆ ದಾರಿಲೇ ಅವಧಿ ಹೆಚ್ಚಿಸಿ ಕಂತು ಇಳಿಸೋಕೆ ಆಗುತ್ತಾ ಚೆಕ್ ಮಾಡಿ. ಆಗಲ್ಲ ಅಂದ್ರೆ ರೀಸ್ಟ್ರಕ್ಚರೇ ಮಾಡಿ, ಅದಕ್ಕೂ ನಾವಿಬ್ಬರೂ ಒಪ್ಪಿದೀವಿ, ಆದ್ರೆ ಸಹಿ ಹಾಕೋಕೆ ಮುಂಚೆ ಖಾತೆ ಯಾವ ವರ್ಗಕ್ಕೆ ಹೋಗುತ್ತೆ, ಸಿಬಿಲಿಗೆ ಏನಂತ ಕಳಿಸ್ತೀರಾ, ಚಾರ್ಜ್ ಎಷ್ಟು, ಇವನ್ನ ಬರಹದಲ್ಲಿ ತಿಳಿಸಿ.

ಸೆಪ್ಟೆಂಬರ್ 3ರ ಬೌನ್ಸ್ ಬಗ್ಗೆನೂ ಹೇಳಬೇಕು. ಅವತ್ತು ಖಾತೆಲಿ 21,340 ಇತ್ತು, 4,695 ಕಮ್ಮಿ ಇತ್ತು, ವರ್ಕ್‌ಶಾಪ್‌ನವರು ಸಂಜೆ ಕೊಡ್ತೀನಿ ಅಂದಿದ್ದ ದುಡ್ಡು ಕೊಡಲಿಲ್ಲ. ಬಾಮೈದನ ಹತ್ರ 5,000 ಕೈಗಡ ತಗೊಂಡು 6ನೇ ತಾರೀಕು ಪೂರ್ತಿ ಕಟ್ಟಿದೀನಿ, ರಸೀದಿ ಇದೆ. ಐದೂವರೆ ವರ್ಷದಲ್ಲಿ ಇದೊಂದೇ ಬೌನ್ಸ್, ಆ 590 ಚಾರ್ಜ್ ಮನ್ನಾ ಮಾಡಿದ್ರೆ ಉಪಕಾರ. ಇನ್ನೊಂದು, 4ನೇ ತಾರೀಕು ರಾತ್ರಿ 8:40ಕ್ಕೆ ವಸೂಲಿ ಕಡೆಯವರು ಅಂತ ಫೋನ್ ಮಾಡಿ ಅಮ್ಮನ ಹತ್ರ ಮನೆ ಹರಾಜು ಅಂದಿದ್ದಾರೆ. ಸಂಜೆ 7ರ ಮೇಲೆ ಹಂಗೆ ಫೋನ್ ಮಾಡಬಾರದು ಅಂತ ಆರ್‌ಬಿಐ ನಿಯಮ ಇದೆ. ಒಂದು ದಿನ ತಡ ಆಗಿದ್ದಕ್ಕೆ ಹರಾಜಾ? ಅವರಮ್ಮನೇ ಆಗಿದ್ರೂ ಹಂಗೇ ಮಾತಾಡ್ತಿದ್ರಾ? ನನ್ನ ನಂಬರಿಗೆ, ಹಗಲು ಹೊತ್ತಲ್ಲಿ ಮಾಡ್ಲಿ, ನಾನು ಎತ್ತದೆ ಇರಲ್ಲ.

ಇದರ ಜೊತೆ ರಿಲೀವಿಂಗ್ ಲೆಟರ್, ಕೊನೇ ಮೂರು ಸಂಬಳದ ಸ್ಲಿಪ್, ಸೆಟಲ್‌ಮೆಂಟ್ ಶೀಟ್, ಗ್ರ್ಯಾಚುಟಿ ಅರ್ಜಿ ಸ್ವೀಕೃತಿ, ನಮ್ಮಿಬ್ಬರ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಸ್ಕೂಲ್ ಮತ್ತೆ ಆಸ್ಪತ್ರೆ ರಸೀದಿ, ಸೊಸೈಟಿ ಸಾಲ ತೀರಿದ ಪತ್ರ, ಎಫ್‌ಡಿ ಬಾಂಡ್ ಜೆರಾಕ್ಸ್, ಇಂಟರ್ವ್ಯೂ ಮೇಲ್ ಎಲ್ಲಾ ಇಟ್ಟಿದೀನಿ. ಮನೆ ನೋಡಬೇಕು ಅಂದ್ರೆ ಯಾರನ್ನಾದ್ರೂ ಕಳಿಸಿ, ಸವಿತಾ ಮನೇಲೇ ಇರ್ತಾಳೆ.

ಮುಂದಿನ ಕಂತು ಅಕ್ಟೋಬರ್ 3ಕ್ಕೆ, ಅಷ್ಟರೊಳಗೆ ಹೌದು ಅಥವಾ ಇಲ್ಲ ಅಂತ ಬರಹದಲ್ಲಿ ಉತ್ತರ ಸಿಕ್ಕಿದ್ರೆ ಸಾಕು, ಇಲ್ಲ ಅಂದ್ರೆ ಕಾರಣನೂ ಬರೀರಿ. ಈ ಪತ್ರದ ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಕೊಡಿ ಮೇಡಂ.

ಇಂತಿ ನಿಮ್ಮ ಗ್ರಾಹಕ,
ಎಂ. ಮಂಜುನಾಥ (ಸಾಲಗಾರ)
ಸವಿತಾ ಮಂಜುನಾಥ (ಸಹ ಸಾಲಗಾರರು)