ಹಾಲಿನ ಡೈರಿ ರಸ್ತೆಯ ಗುಂಡಿಗಳು ಮತ್ತು ಒಡೆದ ಚರಂಡಿ: 9 ಫೋಟೋಗಳ ಸಮೇತ ದೂರು

ದಿನಾಂಕ: 14 ಜುಲೈ 2025

ಗೆ,
ಪೌರಾಯುಕ್ತರು,
ನಗರಸಭೆ ಕಾರ್ಯಾಲಯ

ವಿಷಯ: 17ನೇ ವಾರ್ಡ್, ಹಾಲಿನ ಡೈರಿ ರಸ್ತೆಯಲ್ಲಿ 2ನೇ ಅಡ್ಡರಸ್ತೆ ಮೂಲೆಯಿಂದ ಮೋರಿವರೆಗಿನ ಗುಂಡಿಗಳು ಮತ್ತು ಕುಸಿದ ಚರಂಡಿ ಸರಿಪಡಿಸುವ ಬಗ್ಗೆ

ಮಾನ್ಯರೇ,

ನಾನು ಇದೇ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಬೆಳಗ್ಗೆ 8ಕ್ಕೆ ಬಾಗಿಲು ತೆಗೆದರೆ ಮುಚ್ಚುವುದು ರಾತ್ರಿ 8ಕ್ಕೆ. ಅಷ್ಟೂ ಹೊತ್ತು ಈ ರಸ್ತೆ ನನ್ನ ಕಣ್ಣೆದುರೇ ಇರುತ್ತದೆ. ಹಾಗಾಗಿ ಇಲ್ಲಿ ಏನಾಗಿದೆ, ಯಾವಾಗಿನಿಂದ ಆಗಿದೆ ಅಂತ ಸರಿಯಾಗಿ ಹೇಳಬಲ್ಲೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ರಸ್ತೆಗೆ ಗುಂಡಿ ಬಿದ್ದಿರುವುದು ಚರಂಡಿ ಒಡೆದಿರುವುದರಿಂದ. ಚರಂಡಿ ಬಿಟ್ಟು ಬರೀ ಗುಂಡಿ ಮುಚ್ಚಿದರೆ ಮತ್ತೆ ಒಂದೆರಡು ಮಳೆಗೆ ಇದೇ ಗತಿ. ಈ ಪತ್ರ ಬರೆಯುತ್ತಿರುವುದೇ ಇದನ್ನು ಹೇಳಬೇಕು ಅಂತ. ಒಟ್ಟು 9 ಫೋಟೋ ಇಟ್ಟಿದ್ದೇನೆ, ಪ್ರತಿಯೊಂದರ ಹಿಂದೆ ನಂಬರ್ ಬರೆದಿದ್ದೇನೆ. ಮೊದಲನೆಯದು ಬಿಟ್ಟು ಉಳಿದವೆಲ್ಲ ಮೊನ್ನೆ ಶನಿವಾರ ಮತ್ತು ನಿನ್ನೆ ತೆಗೆದವು, ತೆಗೆದ ಜಾಗ ಮತ್ತು ಸಮಯ ಫೋಟೋದ ಕೆಳಗೇ ಬಂದಿದೆ.

ಫೋಟೋ 1 ಹಳೆಯದು, ಈ ವರ್ಷದ ಜನವರಿಯದು. ಮೊಮ್ಮಗ ಹೊಸ ಸೈಕಲ್ ಹಿಡಿದು ಗಿರಣಿ ಮುಂದೆ ನಿಂತಿದ್ದಾನೆ. ದಯವಿಟ್ಟು ಅವನ ಹಿಂದಿನ ರಸ್ತೆ ನೋಡಿ. ಡಾಂಬರು ಅಲ್ಲಲ್ಲಿ ಸವೆದಿದೆ, ಆದರೆ ಒಂದು ಗುಂಡಿಯೂ ಇಲ್ಲ. ಅದೇ ಜಾಗದಲ್ಲಿ ನಿಂತು ಮೊನ್ನೆ ತೆಗೆದದ್ದು ಫೋಟೋ 2. ಆರು ತಿಂಗಳಲ್ಲಿ ಏಳು ಗುಂಡಿ.

ಆಗಿದ್ದು ಇಷ್ಟು. ಫೆಬ್ರವರಿಯಲ್ಲಿ ಮನೆ ಕಟ್ಟುವವರಿಗೆ ಜಲ್ಲಿ ತಂದ ಲಾರಿ ರಿವರ್ಸ್ ಬರುವಾಗ ಹಿಂದಿನ ಚಕ್ರ ಚರಂಡಿ ಸ್ಲ್ಯಾಬ್ ಮೇಲೆ ಹತ್ತಿತು. ಎರಡು ಸ್ಲ್ಯಾಬ್ ಮುರಿದು ಒಳಗೆ ಬಿದ್ದವು, ಜೊತೆಗೆ ರಸ್ತೆ ಕಡೆಯ ಕಲ್ಲಿನ ಗೋಡೆಯೂ ಕುಸಿಯಿತು. ಆಗ ಕುಸಿದದ್ದು ಮೂರು ಅಡಿ ಇರಬಹುದು. ಈಗ ನೀರು ಕೊರೆದು ಕೊರೆದು 12 ಅಡಿ ಆಗಿದೆ, ಟೇಪ್ ಹಿಡಿದು ಅಳೆದೇ ಹೇಳುತ್ತಿದ್ದೇನೆ. ಫೋಟೋ 3ರಲ್ಲಿ ಬಿದ್ದ ಸ್ಲ್ಯಾಬ್ ಓರೆಯಾಗಿ ಚರಂಡಿಯೊಳಗೆ ನಿಂತಿರುವುದು ಕಾಣುತ್ತದೆ. ಮೇಲಿನ ಮೂರು ಅಡ್ಡರಸ್ತೆಗಳ ನೀರೆಲ್ಲ ಇದೇ ಚರಂಡಿಯಲ್ಲಿ ಇಳಿದು ಮೋರಿ ಸೇರಬೇಕು. ಸ್ಲ್ಯಾಬ್ ಅಡ್ಡ ನಿಂತು, ಅದಕ್ಕೆ ಪ್ಲಾಸ್ಟಿಕ್ಕು, ತೆಂಗಿನ ಮಟ್ಟೆ, ಮಣ್ಣು ಎಲ್ಲ ಸಿಕ್ಕಿ ಹೂಳು ಕಟ್ಟಿದೆ. ಮುಂದೆ ಮೋರಿಯ ಬಾಯಿಯೂ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿದೆ, ಅದು ಫೋಟೋ 4. ಹೋಗಲು ದಾರಿ ಇಲ್ಲದ ನೀರು ಕುಸಿದ ಗೋಡೆಯ ಸಂದಿನಿಂದ ರಸ್ತೆಯ ಅಡಿಗೇ ನುಗ್ಗುತ್ತಿದೆ. ಡಾಂಬರಿನ ಕೆಳಗಿನ ಜಲ್ಲಿ ಮಣ್ಣು ಒದ್ದೆಯಾಗಿ ಸಡಿಲವಾದರೆ ಮೇಲಿನ ಪದರ ಎಷ್ಟು ದಿನ ತಡೆದೀತು? ಒಂದು ನೀರಿನ ಟ್ಯಾಂಕರ್ ಹೋದರೆ ಸಾಕು, ಒಳಕ್ಕೆ ಕೂತುಬಿಡುತ್ತದೆ. ಏಳರಲ್ಲಿ ಐದು ಗುಂಡಿ ಚರಂಡಿ ಒಡೆದ ಬದಿಯಲ್ಲೇ ಇವೆ. ಎದುರು ಬದಿಯ ಚರಂಡಿ ಗಟ್ಟಿ ಇದೆ, ಆ ಕಡೆ ರಸ್ತೆಯೂ ಚೆನ್ನಾಗಿದೆ. ಫೋಟೋ 5ರಲ್ಲಿ ಎರಡೂ ಬದಿ ಒಟ್ಟಿಗೆ ಕಾಣುತ್ತವೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಗಿರಣಿಯಿಂದ ಸುಮಾರು ಇಪ್ಪತ್ತು ಹೆಜ್ಜೆ ಕೆಳಗಿದೆ. ನಾಲ್ಕೂವರೆ ಅಡಿ ಉದ್ದ, ಮೂರು ಅಡಿ ಅಗಲ, ಆಳ 8 ಇಂಚು. ಫೋಟೋ 6ರಲ್ಲಿ ಸ್ಕೇಲ್ ನಿಲ್ಲಿಸಿ ತೆಗೆದಿದ್ದೇನೆ. ಫೋಟೋ 7 ಅದೇ ಗುಂಡಿ, ನಿನ್ನೆ ಮಳೆ ನಿಂತ ಮೇಲೆ ತೆಗೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಸಾರ್. ನೀರು ತುಂಬಿದಾಗ ಅಲ್ಲಿ ಗುಂಡಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಬಂದವರು ನೇರ ಅದರೊಳಗೇ ಇಳಿಸುತ್ತಾರೆ.

ಜುಲೈ 5ರ ಬೆಳಗ್ಗೆ ಆಗಿದ್ದೂ ಹಾಗೇ. ನಮ್ಮ ಹಿಂದಿನ ಬೀದಿಯ ಹಿರಿಯರೊಬ್ಬರು ಡೈರಿಗೆ ಹಾಲು ಹಾಕಲು ಸ್ಕೂಟರ್‌ನಲ್ಲಿ ಹೋಗುತ್ತಿದ್ದರು. ಮುಂದಿನ ಚಕ್ರ ಇಳಿದು ಮುಗ್ಗರಿಸಿ ಬಿದ್ದರು. ಕ್ಯಾನ್ ಉರುಳಿ ಹಾಲೆಲ್ಲ ಗುಂಡಿ ನೀರಿಗೆ ಸೇರಿತು. ಎಬ್ಬಿಸಿ ಕೂರಿಸಿದಾಗ ಅವರು ತಮ್ಮ ಕೈಯನ್ನು ನೋಡಲಿಲ್ಲ, ಹಾಲು ಎಷ್ಟು ಉಳಿದಿದೆ ಅಂತ ಕೇಳಿದರು. ಮುಂಗೈ ಮೂಳೆ ಮುರಿದಿತ್ತು. ಈಗ ಪ್ಲಾಸ್ಟರ್ ಹಾಕಿದ್ದಾರೆ, ಎರಡು ಹಸು ಕರೆಯುವ ಕೆಲಸವೆಲ್ಲ ಅವರ ಹೆಂಡತಿಯ ಮೇಲೆ ಬಿದ್ದಿದೆ. ಅದಕ್ಕೂ ಮುಂಚೆ ಜೂನ್ ಕೊನೆಯಲ್ಲಿ ಶಾಲೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಬೈಕಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದು ಒಡೆದ ಚರಂಡಿಯೊಳಗೆ ಕಾಲು ಹಾಕಿದಳು. ತೊಡೆವರೆಗೆ ಇಳಿದಳು. ಗಿರಣಿಯಲ್ಲಿದ್ದ ಇಬ್ಬರು ಓಡಿ ಹೋಗಿ ಎತ್ತಿದೆವು. ಶೂ ಒಂದು ಕೊಚ್ಚಿಕೊಂಡು ಹೋಯಿತು, ಅಷ್ಟರಲ್ಲೇ ಮುಗಿಯಿತು ಅಂತ ದೇವರಿಗೆ ಕೈ ಮುಗಿದೆ. ಜೋರು ಮಳೆಯಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ರಾತ್ರಿ ಇನ್ನೂ ಅಪಾಯ. ಗುಂಡಿ ಪಕ್ಕದ 43ನೇ ನಂಬರಿನ ಕಂಬದ ದೀಪ ಮೂರು ವಾರದಿಂದ ಉರಿಯುತ್ತಿಲ್ಲ. ನಾವೇ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಗುಂಡಿಯಲ್ಲಿ ನೆಟ್ಟಿದ್ದೆವು, ಮಾರನೇ ದಿನವೇ ಯಾವುದೋ ಗಾಡಿ ಬಡಿದು ಮುರಿಯಿತು.

ಏಪ್ರಿಲ್‌ನಲ್ಲಿ ನಾವು ಫೋನ್ ಮಾಡಿ ಹೇಳಿದಾಗ ಕೆಲಸಗಾರರು ಬಂದು ಮೂರು ಗುಂಡಿ ಮುಚ್ಚಿ ಹೋದರು. ಅದು ಸುಳ್ಳಲ್ಲ, ಬಂದಿದ್ದರು. ಆದರೆ ಹಾಕಿದ್ದು ಒಡೆದ ಇಟ್ಟಿಗೆ ಮತ್ತು ಮಣ್ಣು. ಆ ಹುಡುಗರನ್ನು ದೂರುತ್ತಿಲ್ಲ, ಟ್ರ್ಯಾಕ್ಟರ್‌ನಲ್ಲಿ ಏನು ತುಂಬಿ ಕಳಿಸಿದ್ದರೋ ಅದನ್ನೇ ಅವರು ಹಾಕಿದರು, ಬಿಸಿಲಲ್ಲಿ ನಿಂತು ಪಾಪ ಚೆನ್ನಾಗೇ ಗುದ್ದಿದರು. ಮೇ ತಿಂಗಳ ಮೊದಲ ಮಳೆಗೆ ಎಲ್ಲ ಎದ್ದು ಹೋಗಿ ಚರಂಡಿ ಸೇರಿತು. ಅಂದರೆ ರಸ್ತೆಗೆ ಹಾಕಿದ್ದೇ ಚರಂಡಿಗೆ ಇನ್ನಷ್ಟು ಹೂಳಾಯಿತು. ಫೋಟೋ 8ರಲ್ಲಿ ಆ ಇಟ್ಟಿಗೆ ತುಂಡುಗಳು ಕಾಣುತ್ತವೆ.

ಇನ್ನೊಂದು ವಿಷಯ, ಇದು ನನಗೆ ರಸ್ತೆಗಿಂತ ಜಾಸ್ತಿ ಭಯ ಹುಟ್ಟಿಸಿದೆ. ಕುಡಿಯುವ ನೀರಿನ ಪೈಪು ಒಡೆದ ಚರಂಡಿಯ ಒಳಗೇ ಹಾದುಹೋಗಿದೆ. ಗೋಡೆ ಬಿದ್ದ ಮೇಲೆ ಅದು ಹೊರಗೇ ಕಾಣುತ್ತಿದೆ, ಮೇಲೆ ಹರಿಯುತ್ತಿರುವುದು ಕೊಳಚೆ. ಫೋಟೋ 9 ಅದೇ. ನಮ್ಮಲ್ಲಿ ನೀರು ಬಿಡುವುದು ಮೂರು ದಿನಕ್ಕೊಮ್ಮೆ. ನೀರು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಜಾಯಿಂಟ್ ಎಲ್ಲಾದರೂ ಸಡಿಲ ಇದ್ದರೆ ಹೊರಗಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನೀರು ಬಿಟ್ಟಾಗ ಅದೇ ನಮ್ಮ ಬಿಂದಿಗೆಗೆ ಬರುತ್ತದೆ, ಅಲ್ವಾ? ಕಳೆದ ವಾರ ಎರಡು ಮನೆಯಲ್ಲಿ ಮಕ್ಕಳಿಗೆ ವಾಂತಿ ಭೇದಿ ಆಯಿತು. ಇದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ನಲ್ಲಿ ನೀರು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು. ಅದಕ್ಕೇ ಆರೋಗ್ಯ ಶಾಖೆಗೂ ಒಂದು ಪ್ರತಿ ಕೊಡುತ್ತಿದ್ದೇನೆ.

ನಾವು ಕೇಳುವುದು ಇಷ್ಟೇ, ದಯವಿಟ್ಟು ಇದೇ ಕ್ರಮದಲ್ಲಿ ಮಾಡಿಸಿ. ಇವತ್ತು ಅಥವಾ ನಾಳೆಯೇ ಒಡೆದ ಜಾಗಕ್ಕೆ ಬ್ಯಾರಿಕೇಡ್ ಇಟ್ಟು ಹೊಳೆಯುವ ಟೇಪ್ ಕಟ್ಟಿಸಿ, ಕಂಬದ ದೀಪ ಹಾಕಿಸಿ. ಇದಕ್ಕೆ ಟೆಂಡರ್ ಬೇಕಿಲ್ಲ. ಆಮೇಲೆ ಜೆಟ್ಟಿಂಗ್ ಗಾಡಿಯೋ ಜೆಸಿಬಿಯೋ ತರಿಸಿ ಮೋರಿ ಬಾಯಿ ಮತ್ತು ಚರಂಡಿಯ ಹೂಳು ತೆಗೆಸಿ. ಯಾರನ್ನೂ ಕೊಳಚೆಯೊಳಗೆ ಬರಿಗೈಯಲ್ಲಿ ಇಳಿಸಬೇಡಿ. ತೆಗೆದ ಹೂಳನ್ನು ದಡದಲ್ಲೇ ಬಿಟ್ಟು ಹೋದರೆ ಮತ್ತೆ ಒಳಗೇ ಬೀಳುತ್ತದೆ, ಅದನ್ನು ಅವತ್ತೇ ಸಾಗಿಸಬೇಕು. ನಂತರ 12 ಅಡಿ ಗೋಡೆ ಕಟ್ಟಿಸಿ, ಲಾರಿ ಹತ್ತಿದರೂ ತಡೆಯುವಂಥ ಸ್ಲ್ಯಾಬ್ ಹಾಕಿಸಿ, ನೀರಿನ ಪೈಪನ್ನು ಚರಂಡಿಯಿಂದ ಹೊರಗೆ ತೆಗೆಸಿ. ಕೊನೆಗೆ ಗುಂಡಿ. ಮಳೆಗಾಲದಲ್ಲಿ ಬಿಸಿ ಡಾಂಬರು ಹಾಕುವುದು ಕಷ್ಟ ಅಂತ ನಮಗೂ ಗೊತ್ತು. ಈಗ ಸದ್ಯಕ್ಕೆ ವೆಟ್ ಮಿಕ್ಸ್ ಹಾಕಿ ರೋಲರ್ ಹೊಡೆಸಿ. ಮಳೆ ಬಿಡುವು ಕೊಟ್ಟ ಮೇಲೆ ಗುಂಡಿಯ ಅಂಚನ್ನು ಚೌಕವಾಗಿ ಕತ್ತರಿಸಿ, ಧೂಳು ತೆಗೆದು, ಡಾಂಬರು ಸಿಂಪಡಿಸಿ, ಆಮೇಲೆ ಜಲ್ಲಿ ಡಾಂಬರು ತುಂಬಿ ಸರಿಯಾಗಿ ಮುಚ್ಚಿಸಿ. ಸುಮ್ನೆ ಮೇಲೆ ಸುರಿದು ಸಲಿಕೆಯಲ್ಲಿ ತಟ್ಟಿ ಹೋದರೆ ನಿಲ್ಲುವುದಿಲ್ಲ.

ರಸ್ತೆ, ಚರಂಡಿ ನೋಡಿಕೊಳ್ಳುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಕಲಂ ಪ್ರಕಾರ ಕಡ್ಡಾಯ ಕೆಲಸಗಳಲ್ಲಿ ಸೇರಿದೆ. ಇದನ್ನು ಜಗಳಕ್ಕೆ ಬರೆಯುತ್ತಿಲ್ಲ. ನಾವು ಉಪಕಾರ ಕೇಳುತ್ತಿಲ್ಲ, ನಮಗೆ ಬರಬೇಕಾದ್ದನ್ನು ಕೇಳುತ್ತಿದ್ದೇವೆ ಅಂತ ತಿಳಿಸಲು ಬರೆದೆ. ಈ ರಸ್ತೆಯಲ್ಲಿ 27 ಮನೆ ಇವೆ, ನನ್ನ ಗಿರಣಿಯೂ ಸೇರಿ ನಾಲ್ಕು ಅಂಗಡಿ. ಆಸ್ತಿ ತೆರಿಗೆ, ನೀರಿನ ಕಂದಾಯ ಕಟ್ಟುತ್ತಾ ಬಂದಿದ್ದೇವೆ. ಎಲ್ಲ ಮನೆಯವರ ಸಹಿ ಬೇರೆ ಹಾಳೆಯಲ್ಲಿದೆ. ಕೈ ಮುರಿದುಕೊಂಡ ಹಿರಿಯರು ಎಡಗೈಯಲ್ಲಿ ಸಹಿ ಹಾಕಿದ್ದಾರೆ.

ನಿಮ್ಮ ಎಂಜಿನಿಯರ್ ಒಮ್ಮೆ ಬಂದು ಕಣ್ಣಾರೆ ನೋಡಲಿ, ಆದರೆ ಮಳೆ ನಿಂತು ಅರ್ಧ ಗಂಟೆಯೊಳಗೆ ಬರಲಿ. ನೀರು ಎಲ್ಲಿಂದ ಎಲ್ಲಿಗೆ ನುಗ್ಗುತ್ತದೆ ಅಂತ ಆಗ ಚೆನ್ನಾಗಿ ತಿಳಿಯುತ್ತದೆ, ಬಿಸಿಲಲ್ಲಿ ಬಂದರೆ ಬರೀ ಗುಂಡಿ ಕಾಣುತ್ತದೆ. ನಾನು ಗಿರಣಿಯಲ್ಲೇ ಇರುತ್ತೇನೆ, ಎಲ್ಲ ತೋರಿಸುತ್ತೇನೆ. ಕೆಲಸ ನಡೆಯುವ ದಿನ ಗಾಡಿಗಳನ್ನು ಹಿಂದಿನ ಬೀದಿಗೆ ತಿರುಗಿಸುವುದು, ಕೆಲಸದವರಿಗೆ ನೀರು, ಊಟದ ವ್ಯವಸ್ಥೆ ನಮಗೆ ಬಿಡಿ, ಅದನ್ನು ಬೀದಿಯವರೇ ಮಾತಾಡಿಕೊಂಡಿದ್ದೇವೆ.

ಈ ಅರ್ಜಿಗೆ ಸೀಲ್ ಹಾಕಿದ ಸ್ವೀಕೃತಿ ಕೊಡಿ. ಕೆಲಸ ಯಾವ ದಿನ ಶುರುವಾಗುತ್ತದೆ ಅಂತ ಈ ತಿಂಗಳು 21ರೊಳಗೆ ತಿಳಿಸಿ. ಅವತ್ತು ಸೋಮವಾರ, ತಿಳಿಯದಿದ್ದರೆ ನಾನೇ ಬೆಳಗ್ಗೆ ಕಚೇರಿಗೆ ಬಂದು ಕೇಳುತ್ತೇನೆ.

ಇಂತಿ,
ಜಯಮ್ಮ
ಹಿಟ್ಟಿನ ಗಿರಣಿ, ಹಾಲಿನ ಡೈರಿ ರಸ್ತೆ, 17ನೇ ವಾರ್ಡ್
(ರಸ್ತೆಯ ಎಲ್ಲ ನಿವಾಸಿಗಳ ಪರವಾಗಿ)

ಲಗತ್ತು: 9 ಫೋಟೋಗಳು, ನಿವಾಸಿಗಳ ಸಹಿ ಇರುವ 2 ಹಾಳೆ
ಪ್ರತಿ: ನಗರಸಭೆ ಆರೋಗ್ಯ ಶಾಖೆ, 17ನೇ ವಾರ್ಡ್ ಸದಸ್ಯರು