ಮುಂದ ಕಳಸೂಕಿಂತ ಮೊದ್ಲು ವಿಡಿಯೋ ನೋಡೂದು ಹ್ಯಾಂಗ

(ಭಾಲ್ಕಿ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ತಿಂಗಳ ಸಭೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಹಿರಿಯ ಸಿಸ್ಟರ್ ಒಬ್ಬರ ಮಾತು)

ಎಲ್ಲಾ ಅಕ್ಕ-ತಂಗ್ಯಾರಿಗೂ ನಮಸ್ಕಾರ್ರಿ. ರಿಪೋರ್ಟ್ ಕೊಡೂದು ಆಮ್ಯಾಲ ಆಗ್ತದ, ಡಾಕ್ಟರ್ ಸಾಹೇಬ್ರು ನನಗ ಹತ್ತು ನಿಮಿಷ ಕೊಟ್ಟಾರ.

ಹೋದ ಲಸಿಕಾ ದಿನದ ಹಿಂದಿನ ರಾತ್ರಿ ಬಂದ ವಿಡಿಯೋ ನೀವೆಲ್ಲಾ ನೋಡೀರಿ. ದವಾಖಾನಿ ವರಾಂಡದಾಗ ಒಬ್ಬಾಕಿ ಕೂಸಿನ್ನ ಎದಿಗೆ ಅವಚಿಕೊಂಡು ಅಳ್ತಾಳ. ಮ್ಯಾಲ ಕೆಂಪು ಅಕ್ಷರದಾಗ ಬರದಾರ: 'ಸೂಜಿ ಮಾಡಿಸಿದ್ದಕ್ಕ ಕೂಸು ಹೋತು, ಬೀದರ್ ಜಿಲ್ಲಾ, ಎಲ್ಲಾರಿಗೂ ಕಳಸ್ರಿ.' ಮರುದಿನ ಅಂಗನವಾಡಿಗಿ ಬರಬೇಕಾದ ತಾಯಂದ್ರು ಎಷ್ಟೋ ಮಂದಿ ಮನಿ ಬಿಟ್ಟು ಹೊರಗ ಬರಲಿಲ್ಲ.

ಈಗ ಅದೇ ವಿಡಿಯೋ ಆವಾಜ್ ಜೋರ್ ಮಾಡಿ ಕೇಳ್ರಿ. ಹಿಂದ ಮಾತಾಡೂ ಮಂದಿದು ನಮ್ಮ ಕನ್ನಡ ಅಲ್ಲ, ಬೀದರ್ ಉರ್ದು ಅಲ್ಲ, ಗಡಿ ಕಡಿ ಮರಾಠಿನೂ ಅಲ್ಲ. ಗೋಡಿ ಮ್ಯಾಲಿನ ಬೋರ್ಡ್ ಓದಾಕ ಬರೂದಿಲ್ಲ. ಬಾಗಲದಾಗ ನಿಂತ ಅಂಬುಲೆನ್ಸ್ ನಂಬರ್ ಕೆಎ ಅಂತ ಶುರುವೇ ಆಗಂಗಿಲ್ಲ. ಬೀದರ್ ಗಾಡಿ ಅಂದ್ರ ಕೆಎ 38, ನಮ್ಮ ಭಾಲ್ಕಿದು 39, ಕಲಬುರಗಿದು 32, ಯಾದಗಿರಿದು 33, ಇದು ನಮ್ಮ ಹುಡುಗ್ರಿಗೂ ಗೊತ್ತದ. ಅಳೂ ತಾಯಿ ದುಃಖ ಖರೇನೇ ಇರಬೌದು. ಸುಳ್ಳಿರೂದು ಮ್ಯಾಲಿನ ಬರಹ. ನಮಗ ಬರೂ ಸುಳ್ಳು ವಿಡಿಯೋ ಬಾಳಷ್ಟು ಹಿಂಗೇ ಇರ್ತಾವ: ಚಿತ್ರ ಎಲ್ಲಿದೋ, ಊರಿನ ಹೆಸರು ನಮ್ದು.

2018ರಾಗ ಮಕ್ಕಳ ಕಳ್ಳರು ಅಂತ ಒಂದು ವಿಡಿಯೋ ದೇಶ ತುಂಬಾ ಓಡ್ಯಾಡ್ತು. ಬೈಕ್ ಮ್ಯಾಲ ಬಂದವರು ಓಣ್ಯಾಗ ಆಡೂ ಕೂಸಿನ್ನ ಎತ್ತಿಕೊಂಡು ಹೋಗ್ತಾರ. ಅದು ಮಕ್ಕಳ ಸುರಕ್ಷತೆ ಬಗ್ಗೆ ಮಂದಿಗಿ ತಿಳಿಸಾಕ ಪಾಕಿಸ್ತಾನದ ಕರಾಚಿಯಾಗ ಮಾಡಿದ್ದು. ಕಡೀಕ ಕೂಸಿನ್ನ ವಾಪಸ್ ಬಿಟ್ಟು, ಬೋರ್ಡ್ ತೋರಿಸಿ ತಿಳಿಸಿ ಹೇಳ್ತಾರ. ಯಾರೋ ಆ ಕಡೀ ಭಾಗ ಅಷ್ಟೇ ಕತ್ತರಿಸಿ ತಗದು ಉಳದದ್ದು ಹಬ್ಬಿಸಿದ್ರು. ಅದೇ ವರ್ಷ ಜುಲೈದಾಗ ನಮ್ಮ ಜಿಲ್ಲಾದ ಮುರ್ಕಿಯಾಗ ಏನಾತು? ಹುಡುಗ್ರಿಗಿ ಚಾಕಲೇಟ್ ಕೊಟ್ಟವರನ್ನ ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ದಾಗ ಹಬ್ಬಿಸಿದ್ರು. ಅವರಾಗ ಹೈದರಾಬಾದದ ಒಬ್ಬಾತನ್ನ ಮಂದಿ ಹೊಡದು ಕೊಂದ್ರು. ಗ್ರೂಪ್ ಅಡ್ಮಿನ್ ಸೈತ ಅರೆಸ್ಟ್ ಆದ. ನಿಮ್ಮಾಗ ಗ್ರೂಪ್ ಅಡ್ಮಿನ್ ಆದವರು ಬಾಳ ಮಂದಿ ಅದೀರಿ, ಅದಕ್ಕ ಹೇಳ್ದೆ.

ಮೆಸೇಜ್ ಮ್ಯಾಲ ಎರಡು ಬಾಣ ಇದ್ರ ಅದು ಬಾಳ ಕೈ ದಾಟಿ ಬಂದದ ಅಂತ ತಿಳೀರಿ. ಬಾಣ ಇಲ್ಲ ಅಂದಕೂಡ್ಲೇ ಖರೆ ಅನಬ್ಯಾಡ್ರಿ, ಡೌನ್‌ಲೋಡ್ ಮಾಡಿ ಹೊಸದಾಗಿ ಹಾಕಿದ್ರ ಬಾಣ ಹೋಗ್ತದ. ಕಳಿಸಿದವರಿಗಿ ಫೋನ್ ಮಾಡಿ 'ಎಲ್ಲಿದ್ರಿ ಇದು, ಯಾವಾಗಿಂದು, ನೀವು ಕಣ್ಣಾರೆ ನೋಡೀರೇನು' ಅಂತ ಕೇಳ್ರಿ. 'ನನಗೂ ಯಾರೋ ಕಳಿಸ್ಯಾರ' ಅಂದ್ರ ಅಲ್ಲಿಗೇ ನಿಲ್ಲಸ್ರಿ.

ಇನ್ನೊಂದು ಕೆಲಸ ಅದ, ನನಗ ಇದೇ ಬಾಳ ಉಪಯೋಗ ಆಗ್ಯದ. ಮುಖ, ಬೋರ್ಡ್ ಸಾಫ್ ಕಾಣೂ ಜಾಗದಾಗ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತಗೀರಿ. ಗೂಗಲ್ ಲೆನ್ಸ್‌ದಾಗ ಹಾಕ್ರಿ. ಅದೇ ಚಿತ್ರ ಮೊದ್ಲು ಎಲ್ಲೆಲ್ಲಿ ಬಂದಿತ್ತು ತೋರಸ್ತದ. ನಿನ್ನಿದು ಅಂದದ್ದು ನಾಕು ವರ್ಷದ ಹಿಂದಿಂದು ಅಂತ ಗೊತ್ತಾಗ್ತದ. ಏನೂ ಸಿಗಲಿಲ್ಲಂದ್ರ ಖರೆ ಅಂತಲ್ಲ, ಬರೇ ಸಿಗಲಿಲ್ಲ ಅಷ್ಟೇ.

ಹೆಸರಾದ ಡಾಕ್ಟರ್ ಮಾತಾಡ್ದಂಗ ಮಾಡಿ ಶುಗರ್ ಔಷಧಿ ಮಾರೂ ವಿಡಿಯೋ ಈಗ ಹೊಸಾದು ಶುರುವಾಗ್ಯಾವ. ತುಟಿ ಒಂದು ಕಡಿ, ಮಾತು ಒಂದು ಕಡಿ ಹೋಗ್ತಾವೇನು ನೋಡ್ರಿ. ಆದ್ರ ಸುಳ್ಳು ಮಾಡವರು ದಿನಾ ಶಾಣ್ಯಾ ಆಗ್ಲತ್ತಾರ, ಬರೇ ಕಣ್ಣು ನಂಬಬ್ಯಾಡ್ರಿ. ಮಾತ್ರಿ ಬಿಡ್ರಿ, ಇದೊಂದೇ ಕುಡೀರಿ ಅಂದ್ರ, ಯಾರ ಮುಖ ಇದ್ರೂ ಮುಂದ ಕಳಸಬ್ಯಾಡ್ರಿ.

ಬ್ಯಾರೆಯವರು ಕಳಿಸೂದಕ್ಕೂ ನೀವು ಕಳಿಸೂದಕ್ಕೂ ಫರಕ್ ಅದ. ನಿಮ್ಮ ನಂಬರಿಂದ ಹೋದ್ರ 'ಆಶಾ ಅಕ್ಕನೇ ಹಾಕ್ಯಾಳ, ದವಾಖಾನ್ಯಾಗ ಹೇಳಿರಬೇಕು' ಅಂತಾರ. ಹಂಗಾಗಿ 'ಖರೆ ಏನ್ರಿ ಇದು?' ಅಂತ ಕೇಳಾಕ ಸೈತ ಊರ ಗ್ರೂಪಿಗಿ ಹಾಕಬ್ಯಾಡ್ರಿ. ನನಗೋ ಡಾಕ್ಟರ್ ಸಾಹೇಬ್ರಿಗೋ ಒಬ್ಬರಿಗೇ ಕಳಸ್ರಿ. ನಾವು ಸಿಗಲಿಲ್ಲಂದ್ರ 104ಕ್ಕ ಫೋನ್ ಮಾಡಿ ಕೇಳ್ರಿ. ಸುಳ್ಳು ಅಂತ ಗೊತ್ತಾದ ಮ್ಯಾಲೂ ಆ ವಿಡಿಯೋ ವಾಪಸ್ ಹಾಕಿ 'ಇದು ಸುಳ್ಳು' ಅನಬ್ಯಾಡ್ರಿ, ಮಂದಿ ವಿಡಿಯೋ ನೋಡ್ತಾರ, ನಿಮ್ಮ ಮಾತು ಓದಂಗಿಲ್ಲ. ಬರೇ ನಿಮ್ಮ ದನಿಯಾಗ ಒಂದು ವಾಯ್ಸ್ ಮೆಸೇಜ್ ಹಾಕ್ರಿ: 'ಅಳೂ ತಾಯಿ ವಿಡಿಯೋ ನಮ್ಮ ಜಿಲ್ಲಾದ್ದಲ್ರಿ. ಸೂಜಿ ಆದ ಮ್ಯಾಲ ಒಂದೆರಡು ದಿನ ಜ್ವರ, ಬಾವು ಬರಬೌದು, ಅದು ಇಳೀತದ. ಹೆಚ್ಚು ತ್ರಾಸ ಅನಸಿದ್ರ ಕೂಡ್ಲೇ ನನಗ ಹೇಳ್ರಿ, ನಾನೇ ಬರ್ತೀನಿ.' ಹಂಗ ಯಾರರೆ ಕರದ್ರ ಖರೇನೇ ಹೋಗ್ರಿ, ನನಗೂ ತಿಳಸ್ರಿ. ಸೂಜಿ ಆದ ಮ್ಯಾಲ ಕೂಸಿಗಿ ಖರೇನೇ ತ್ರಾಸ ಆದ್ರ ಅದನ್ನ ಮುಚ್ಚಿಡೂ ಮಾತೇ ಇಲ್ಲ, ರಿಪೋರ್ಟ್ ಆಗಲೇಬೇಕು.

ಈಗ ಫೋನ್ ತಗೀರಿ. ಆ ವರಾಂಡದ ವಿಡಿಯೋ ಯಾರ ಫೋನಿನಾಗ ಇನ್ನೂ ಅದ? ಅಂಬುಲೆನ್ಸ್ ಕಾಣೂ ಜಾಗದಾಗ ನಿಲ್ಲಸ್ರಿ, ಲೆನ್ಸ್‌ದಾಗ ಹಾಕೂದು ಕೂಡೇ ಮಾಡೂಣು. ಸಣ್ಣ ಫೋನ್ ಇದ್ದವರು ಬಾಜೂದವರ ಜೋಡಿ ಕೂಡ್ರಿ.