ಕಬಡ್ಡಿ ಟೂರ್ನಮೆಂಟಿಗೆ ನಿಮ್ಮ ಸಹಾಯ ಬೇಕ್ರಿ

ಕೊಪ್ಪಳ, 18 ಜನವರಿ 2026

ಗಡಿಯಾರ ಕಂಬದ ಸುತ್ತಮುತ್ತ ಮತ್ತ ಜವಾಹರ ರಸ್ತೆದಾಗ ಅಂಗಡಿ ಇಟ್ಕೊಂಡಿರೋ ಎಲ್ಲಾ ಸಾಹುಕಾರ್ರಿಗೆ, ಅಣ್ಣಾರಿಗೆ, ಅಕ್ಕಾರಿಗೆ ಓಣಿ ಕ್ರೀಡಾ ಸಂಘದ ಹುಡುಗ್ರ ನಮಸ್ಕಾರ್ರಿ.

ಅಜ್ಜನ ಜಾತ್ರಿ ಈಗಷ್ಟೇ ಮುಗಿದೈತಿ, ದಾಸೋಹಕ್ಕ ನೀವೆಲ್ಲಾ ಕೈಲಾದಷ್ಟು ಕೊಟ್ಟೀರಿ, ಅದರ ಬೆನ್ನಿಗೇ ಇವ್ರು ಮತ್ತೊಂದು ಪಟ್ಟಿ ಎತ್ತಾಕ ಬಂದ್ರು ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಪ್ರತಿ ವರ್ಷದಂಗ ಈ ವರ್ಷಾನೂ ಫೆಬ್ರವರಿ 21 ಶನಿವಾರ, 22 ರವಿವಾರ ಶಾಲಿ ಮೈದಾನದಾಗ ಕಬಡ್ಡಿ ಇಟ್ಕೊಂಡೀವ್ರಿ. 65 ಕೆಜಿ ಒಳಗಿನ 16 ಹುಡುಗ್ರ ಟೀಮು, ಜೊತಿಗೆ ಇದೇ ಮೊದಲನೇ ಸಲ 4 ಹುಡುಗ್ಯಾರ ಟೀಮು.

ಹುಡುಗ್ಯಾರ ಟೀಮಿನ ಸಲುವಾಗೇ ಈ ಪತ್ರ ಸ್ವಲ್ಪ ಉದ್ದ ಬರದೀವ್ರಿ. ಹೋದ ವರ್ಷ ರಾತ್ರಿ ಮ್ಯಾಚಿನಾಗ ಒಬ್ಬ ರೇಡರ್ ಬೋನಸ್ ಗೆರಿ ಮುಟ್ಟಾಕ ಹೋಗಿ ಜಾರಿಬಿದ್ದ, ಮಣ್ಣು ಕೆಳಗ ಕಲ್ಲಾಗಿತ್ತು, ಮೊಣಕಾಲಿನ ಚರ್ಮ ಅಂಗೈ ಅಗಲ ಕಿತ್ತು ಬಂದು ಬಿಳೀ ಸಾಕ್ಸ್ ಕೆಂಪಾಗಿತ್ತು. ಬಾಗಿಲಾ ಹಾಕ್ಕೊಂಡು ಮನೀಗೆ ಹೊಂಟಿದ್ದ ಮೆಡಿಕಲ್ ಶಾಪಿನ ಕಾಕಾರು ಮತ್ತ ಶಟರ್ ಎತ್ತಿ ಡ್ರೆಸ್ಸಿಂಗ್ ಸಾಮಾನು ಕೊಟ್ಟು, ರೊಕ್ಕ ಕೊಡಾಕ ಹೋದ್ರ ಕೈ ಸರಿಸಿ ಕಳಿಸಿದ್ರು. ಅದನ್ನ ನಾವು ಮರೆತಿಲ್ರಿ. ಆದ್ರ ಅವತ್ತು ನೋಡಾಕ ಬಂದಿದ್ದ ತಾಯಂದ್ರೂ ಮರೆತಿಲ್ಲ. ಹುಡುಗ್ಯಾರು ನಾವೂ ಆಡ್ತೀವಿ ಅಂತ ಎರಡು ವರ್ಷದಿಂದ ಕೇಳಾಕತ್ಯಾರ, ಸಂಜಿ ಮುಂದ ಬಂದು ಪ್ರಾಕ್ಟೀಸೂ ಮಾಡ್ತಾರ, ಮನ್ಯಾಗ ಮಾತ್ರ "ಮ್ಯಾಟ್ ಹಾಕಿದ್ರ ಕಳಿಸ್ತೀವಿ, ಮಣ್ಣಾಗ ಬ್ಯಾಡ" ಅಂತ ಖಡಾಖಂಡಿತ ಹೇಳ್ಯಾರ. ಅವ್ರು ಹೇಳೋದು ನಮಗೂ ಖರೇ ಅನ್ನಿಸ್ತು. ಅದಕ್ಕ ಈ ಸಲ 13 ಮೀಟರ್ ಉದ್ದ 10 ಮೀಟರ್ ಅಗಲದ ಪೂರ್ತಿ ಕೋರ್ಟಿಗೆ ಮ್ಯಾಟ್ ಬಾಡಿಗಿ ತರೋದು ಅಂತ ಗಟ್ಟಿ ಮಾಡೀವಿ. ಹುಡುಗ್ಯಾರಿಗೆ ಅದರ ಮ್ಯಾಲೇ 12ಕ್ಕ 8ರ ಗೆರಿ ಹಾಕ್ತೀವಿ.

ಲೆಕ್ಕ ಮುಚ್ಚಿಡೋದೇನಿಲ್ರಿ. ಮ್ಯಾಟಿಗೆ ಎರಡು ದಿನಕ್ಕ 18,000, ಲೈಟು ಜನರೇಟರಿಗೆ 8,500, ಮೈಕ್ ಸೆಟ್ಟಿಗೆ 3,000, ರೆಫರಿಗೋಳು ಮತ್ತ ಸ್ಕೋರ್ ಬರಿಯೋರಿಗೆ 6,000, ಆಟಗಾರರ ಊಟ ನೀರಿಗೆ 13,500, ಫ್ಲೆಕ್ಸು ಸಣ್ಣಪುಟ್ಟದ್ದಕ್ಕ 3,800, ಫಸ್ಟ್ ಏಡಿಗೆ 1,500. ಬಹುಮಾನ ಮೊದಲನೇದು 12,000, ಎರಡನೇದು 8,000, ಹುಡುಗ್ಯಾರಿಗೂ ಅಷ್ಟೇ, ಒಂದು ರೂಪಾಯಿ ಕಮ್ಮಿ ಇಲ್ಲ. ಶೀಲ್ಡುಗಳಿಗೆ, ಮತ್ತ ಬೆಸ್ಟ್ ರೇಡರಿಗೆ ಕೊಡಾಕ ಕಿನ್ನಾಳದ ಕಟ್ಟಿಗಿ ಗೊಂಬಿಗೆ ಸೇರಿ 5,000. ಎಲ್ಲಾ ಕೂಡಿ 99,300 ಆಗ್ತೈತ್ರಿ. ಸಂಘದ 26 ಮಂದಿ ತಲಿಗೆ 500 ಹಾಕೀವಿ, ಹುಡುಗ್ರ ಟೀಮಿನ ಎಂಟ್ರಿ ಫೀ 8,000 ಬರ್ತೈತಿ, ಹೋದ ವರ್ಷದ್ದು 1,250 ಉಳದೈತಿ. ಹುಡುಗ್ಯಾರಿಗೆ ಎಂಟ್ರಿ ಫೀ ಇಟ್ಟಿಲ್ಲ. ಇನ್ನ 77,050 ಕೂಡಬೇಕು, ಅದನ್ನೇ ನಿಮ್ಮ ಮುಂದ ಇಟ್ಟೀವಿ.

10,000 ಮತ್ತ ಮ್ಯಾಲೆ ಕೊಟ್ಟೋರ ಅಂಗಡಿ ಹೆಸ್ರು ನಮ್ಮ ಟೀಮಿನ ಟೀ ಶರ್ಟ್ ಬೆನ್ನಿಗೆ ಮತ್ತ ಸ್ಟೇಜ್ ಹಿಂದಿನ ದೊಡ್ಡ ಫ್ಲೆಕ್ಸಿಗೆ ಬರ್ತೈತಿ, 2,000 ಕೊಟ್ಟೋರಿಗೆ ಕೋರ್ಟ್ ಬಾಜೂಕ ಬೋರ್ಡ್ ಕಟ್ತೀವಿ, 500 ಕೊಟ್ರೂ ಪ್ರತಿ ಮ್ಯಾಚಿನ ಇಂಟರ್ವಲ್‌ದಾಗ ಮೈಕಿನಾಗ ಹೆಸ್ರು ಹೇಳ್ತೀವಿ, ಎರಡೂ ದಿನ ಕೂಡಿ 18 ಮ್ಯಾಚ್ ಅದಾವು. ರೊಕ್ಕಾನೇ ಆಗಬೇಕಂತಿಲ್ರಿ. ಕಿರಾಣಿ ಅಂಗಡಿಯೋರು ಅಕ್ಕಿ ಬ್ಯಾಳಿ ಕೊಡಬಹುದು, ಹಣ್ಣಿನ ಅಂಗಡಿಯೋರು ಬಾಳಿಹಣ್ಣು ಕೊಡಬಹುದು, ಹೋಟೆಲಿನ ಅಣ್ಣಾರು ರವಿವಾರ ಮುಂಜಾನಿ ಆಟಗಾರರಿಗೆ ಒಗ್ಗರಣಿ ಮಿರ್ಚಿ ಕಳಿಸಿದ್ರ ಅದೂ ದೊಡ್ಡದೇ.

ಈ ವಾರ ಸಂಜಿ 6ರ ಮ್ಯಾಲೆ ಸಂಘದ ಇಬ್ಬರು ಹುಡುಗ್ರು ಸಿಕ್ಕಾ ಹೊಡದಿರೋ ಪಾವತಿ ಪುಸ್ತಕ ಹಿಡ್ಕೊಂಡು ಅಂಗಡಿಗೆ ಬರ್ತಾರ್ರಿ. ಪಾವತಿ ಕೊಡದ ಯಾರಿಗೂ ನಮ್ಮ ಹೆಸರ ಮ್ಯಾಲೆ ರೊಕ್ಕ ಕೊಡಬ್ಯಾಡ್ರಿ. ವ್ಯಾಪಾರ ಡಲ್ ಐತಿ, ಈ ಸಲ ಆಗಂಗಿಲ್ಲ ಅಂದ್ರ ಹಂಗೇ ಹೇಳ್ರಿ, ಹುಡುಗ್ರು ನಮಸ್ಕಾರ ಮಾಡಿ ಮುಂದ ಹೋಗ್ತಾರ, ಯಾರೂ ಒತ್ತಾಯ ಮಾಡಂಗಿಲ್ಲ. ಟೂರ್ನಮೆಂಟ್ ಮುಗಿದು ಎಂಟು ದಿನದಾಗ ಜಮಾ ಖರ್ಚು ಸಂಘದ ಬೋರ್ಡಿಗೆ ಅಂಟಿಸ್ತೀವಿ.

ಶನಿವಾರ ಮಧ್ಯಾಹ್ನ 3ಕ್ಕ ಶುರು, ಎರಡೂ ದಿನ ರಾತ್ರಿ 10ರೊಳಗ ಮೈಕ್ ಬಂದ್ ಮಾಡ್ತೀವಿ. ಹುಡುಗ್ಯಾರ ಫೈನಲ್ ರವಿವಾರ ರಾತ್ರಿ 8ಕ್ಕ ಐತಿ. ಅವತ್ತು ಅಂಗಡಿ ಒಂದು ತಾಸು ಲಗೂ ಮುಚ್ಚಿ, ಮನೀ ಮಂದಿನೂ ಕರ್ಕೊಂಡು ಬರ್ರಿ, ಮುಂದಿನ ಸಾಲಿನಾಗ ನಿಮಗೆ ಕುರ್ಚಿ ಹಾಕಿಟ್ಟಿರ್ತೀವಿ.

ನಿಮ್ಮ ಓಣಿಯ ಮಕ್ಕಳು,
ಓಣಿ ಕ್ರೀಡಾ ಸಂಘ, ಗಡಿಯಾರ ಕಂಬದ ಹಿಂದ, ಕೊಪ್ಪಳ